ತುರ್ತು ರಕ್ತದ ಸಂದೇಶ: ನಂಬುವುದಕ್ಕೆ ಮೊದಲು ಏನು ಕೇಳಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ‘ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕು’ ಅಂತ ಸಂದೇಶ ಬರ್ತಾನೇ ಇರುತ್ತೆ. ಹೋದ ಸಲ ಫೋನ್ ಮಾಡಿದರೆ ‘ಅದು ಹಳೇದು, ರೋಗಿ ಯಾವಾಗಲೋ ಮನೆಗೆ ಹೋದರು’ ಅಂದರು. ನಿಜವೋ ಅಲ್ಲವೋ ತಿಳಿಯೋದು ಹೇಗೆ? ನಮಗೇ ಬೇಕಾದಾಗ ಹೇಗೆ ಬರೀಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ರಕ್ತ ಬೇಕಾದಾಗ ವೈದ್ಯರು ಸಹಿ ಮಾಡಿದ ಬೇಡಿಕೆ ಚೀಟಿ, ಜೊತೆಗೆ ರೋಗಿಯ ರಕ್ತದ ಮಾದರಿ ರಕ್ತನಿಧಿಗೆ ಹೋಗುತ್ತವೆ. ಚೀಟಿಯಲ್ಲಿ ರೋಗಿಯ ಹೆಸರು, ದಾಖಲಾದಾಗ ಆಸ್ಪತ್ರೆ ಕೊಡುವ ಐಪಿ ನಂಬರ್, ವಾರ್ಡ್, ರಕ್ತದ ಗುಂಪು, ಏನು ಬೇಕು, ಎಷ್ಟು ಯೂನಿಟ್ ಎಂಬುದೆಲ್ಲ ಇರುತ್ತದೆ. ನಿಮ್ಮ ಪರಿಶೀಲನೆಗೆ ಈ ಚೀಟಿಯೇ ಆಧಾರ. ಸಂದೇಶದಲ್ಲಿರುವ ನಂಬರಿಗೆ ಫೋನ್ ಮಾಡಿ, ‘ಚೀಟಿ ಯಾವ ರಕ್ತನಿಧಿಯಲ್ಲಿದೆ, ಐಪಿ ನಂಬರ್ ಎಷ್ಟು?’ ಎಂದು ಕೇಳಿ. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು ಇದನ್ನು ಕೂಡಲೇ ಹೇಳುತ್ತಾರೆ, ತಿಳಿಯದಿದ್ದರೆ ನರ್ಸನ್ನು ಕೇಳಿ ಹೇಳುತ್ತಾರೆ. ‘ನನಗೂ ಯಾರೋ ಕಳಿಸಿದ್ದು’ ಎಂದರೆ ಅಲ್ಲಿಗೆ ಬಿಟ್ಟುಬಿಡಿ, ಮುಂದಕ್ಕೆ ಕಳಿಸಬೇಡಿ.

ಎರಡನೇ ಫೋನ್ ರಕ್ತನಿಧಿಗೆ. ಅದರ ನಂಬರನ್ನು ಸಂದೇಶದಿಂದ ತೆಗೆದುಕೊಳ್ಳದೆ ಆಸ್ಪತ್ರೆಯ ಜಾಲತಾಣದಲ್ಲೋ ಕೇಂದ್ರ ಸರ್ಕಾರದ e-RaktKosh ತಾಣದಲ್ಲೋ ಹುಡುಕಿ. ರೋಗಿಯ ಕಾಯಿಲೆಯ ವಿವರವನ್ನು ಅವರು ಹೇಳುವುದಿಲ್ಲ, ಹೇಳಬಾರದು ಕೂಡ. ‘ಈ ಐಪಿ ನಂಬರಿಗೆ ಬಿ ನೆಗೆಟಿವ್ ಬೇಡಿಕೆ ಇನ್ನೂ ಇದೆಯಾ, ದಾನಿ ಈಗ ಬರಬೇಕಾ?’ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ‘ಸ್ಟಾಕ್ ಇದೆ, ಆದರೆ ಬದಲಿಗೆ ಯಾವ ಗುಂಪಿನವರಾದರೂ ಕೊಡಲಿ’ ಎನ್ನುವುದೂ ಉಂಟು. ಹಾಗಿದ್ದರೆ ಅಪರೂಪದ ಗುಂಪಿನವರನ್ನು ಅರ್ಧರಾತ್ರಿ ಎಬ್ಬಿಸುವ ಅಗತ್ಯವಿಲ್ಲ.

‘ಒಂದು ಗಂಟೆಯೊಳಗೆ ದಾನಿ ಬೇಕು’ ಎಂಬ ಸಾಲು ಕಂಡರೆ ಸ್ವಲ್ಪ ಯೋಚಿಸಿ. ದಾನಿಯ ರಕ್ತ ನೇರವಾಗಿ ರೋಗಿಗೆ ಹೋಗುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿದು, ರೋಗಿಯ ರಕ್ತದ ಜೊತೆ ಹೊಂದಿಸಿ ನೋಡಬೇಕು. ಅದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಅಪಘಾತದಂಥ ನಿಜವಾದ ತುರ್ತಿನಲ್ಲಿ ಜೀವ ಉಳಿಸುವುದು ಫ್ರಿಜ್ಜಿನಲ್ಲಿ ಮೊದಲೇ ಇರುವ ರಕ್ತ. ದಾನಿಯನ್ನು ಹುಡುಕಬೇಕಾಗುವುದು ಹೆಚ್ಚಾಗಿ ನೆಗೆಟಿವ್ ಗುಂಪಿಗೆ ಮತ್ತು ಪ್ಲೇಟ್‌ಲೆಟ್‌ಗೆ. ಪ್ಲೇಟ್‌ಲೆಟ್ 5 ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಹಾಗಾಗಿ ಸ್ಟಾಕ್ ಬೇಗ ಖಾಲಿಯಾಗುತ್ತದೆ.

ನೀವೇ ಬರೆಯುವಾಗ ಮೊದಲು ಸ್ಟಾಕ್ ವಿಚಾರಿಸಿ. ಬಿ ನೆಗೆಟಿವ್ ರೋಗಿಗೆ ಓ ನೆಗೆಟಿವ್ ಕೆಂಪು ಕಣವನ್ನೂ ಕೊಡಬಹುದು, ಆ ಬಗ್ಗೆ ವೈದ್ಯರನ್ನು ಕೇಳಿ. ಆಮೇಲೂ ಬೇಕೆಂದಾದರೆ ಹೀಗೆ ಬರೆಯಬಹುದು:

‘ಬಿ ನೆಗೆಟಿವ್ ಕೆಂಪು ರಕ್ತಕಣ, 2 ಯೂನಿಟ್. ನಾಳೆ (12ನೇ ತಾರೀಕು) ಬೆಳಿಗ್ಗೆ ಶಸ್ತ್ರಚಿಕಿತ್ಸೆ. ರೋಗಿ ಇರುವುದು: ಆಸ್ಪತ್ರೆ, ಬಡಾವಣೆ, ಊರು. ದಾನಿ ಬರಬೇಕಾದ್ದು: ರಕ್ತನಿಧಿಯ ಹೆಸರು, ವಿಳಾಸ, ಇವತ್ತು ಸಂಜೆ 6ರೊಳಗೆ. ಸಂಪರ್ಕ: ರೋಗಿಯ ತಮ್ಮ ಮತ್ತು ಮಗಳು, ಇಬ್ಬರ ಮೊಬೈಲ್. ಬರೆದದ್ದು 11ನೇ ತಾರೀಕು, ಬೆಳಿಗ್ಗೆ 10. ಇವತ್ತು ಸಂಜೆ 6ರ ನಂತರ ಇದನ್ನು ಯಾರಿಗೂ ಕಳಿಸಬೇಡಿ.’

ತಾರೀಕಿನ ಜೊತೆ ತಿಂಗಳು, ವರ್ಷವನ್ನೂ ಹಾಕಿ. ಬರೀ ‘ನಾಳೆ’ ಎಂದು ಬರೆದ ಸಂದೇಶವೇ ವರ್ಷಗಟ್ಟಲೆ ಓಡಾಡುವುದು. ನಿಮ್ಮ ಗುಂಪಿನಲ್ಲಿ ಅಳಿಸಿದರೂ ಬೇರೆಯವರು ಕಳಿಸಿದ ಪ್ರತಿ ಹಾಗೇ ಉಳಿಯುತ್ತದೆ, ಆದ್ದರಿಂದ ಅವಧಿ ಸಂದೇಶದೊಳಗೇ ಇರಬೇಕು. ರಕ್ತನಿಧಿಯ ವಿಳಾಸ ಬೇರೆಯಾಗಿ ಹೇಳಿದ್ದಕ್ಕೂ ಕಾರಣವಿದೆ: ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸ್ವಂತ ರಕ್ತನಿಧಿ ಇರುವುದಿಲ್ಲ. ದಾನಿ ಆಸ್ಪತ್ರೆಗೆ ಬಂದು, ಅಲ್ಲಿಂದ ಊರಿನ ಇನ್ನೊಂದು ಮೂಲೆಗೆ ಹೋಗಬೇಕಾಗುತ್ತದೆ. ಐಪಿ ನಂಬರ್ ಮತ್ತು ಚೀಟಿಯ ಫೋಟೊ ಗುಂಪಿಗೆ ಬೇಡ, ಫೋನ್ ಮಾಡಿದವರಿಗೆ ಮಾತ್ರ ಹೇಳಿ.

ಇನ್ನು ಹಣದ ಮಾತು. ಮೊಬೈಲ್ ನಂಬರ್ ಬಹಿರಂಗವಾದ ಕೂಡಲೇ ‘ನಂದು ಅದೇ ಗುಂಪು, ಹೊರಟಿದ್ದೀನಿ, ಪೆಟ್ರೋಲಿಗೆ ಸಾವಿರ ರೂಪಾಯಿ ಹಾಕಿ’ ಎನ್ನುವವರು ಫೋನ್ ಮಾಡಬಹುದು. ಹಾಕಿದ ಮೇಲೆ ಫೋನ್ ಸ್ವಿಚ್ ಆಫ್. ಹಣ ಪಡೆದು ರಕ್ತ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ನೀವು ಕಟ್ಟಬೇಕಾಗಬಹುದಾದ್ದು ರಕ್ತನಿಧಿಯ ಪರೀಕ್ಷೆ, ಸಂಸ್ಕರಣೆಯ ಶುಲ್ಕ ಮಾತ್ರ. ಅದನ್ನು ಕೌಂಟರಿನಲ್ಲಿ ಕಟ್ಟಿ ರಸೀದಿ ಪಡೆಯಿರಿ. ದೂರದಿಂದ ಬರುವ ದಾನಿಗೆ ಪ್ರಯಾಣದ ಖರ್ಚು ಭರಿಸಬೇಕೆನಿಸಿದರೆ ಅವರು ರಕ್ತನಿಧಿಗೆ ಬಂದ ಮೇಲೆ ಆಟೊದವರಿಗೇ ಕೊಡಿ.