ಅಕೌಂಟಿಂಗ್ ಈಕ್ವೇಶನ್ ಮೇಲೆ ಬಹು ಆಯ್ಕೆ ಪ್ರಶ್ನೆ: ತಪ್ಪು ಆಯ್ಕೆ ಎಲ್ಲಿಂದ ಬರಬೇಕು?

ಪ್ರಶ್ನೆ: ಬಿ.ಕಾಂ ಮೊದಲ ವರ್ಷದವರಿಗೆ ಅಕೌಂಟಿಂಗ್ ಈಕ್ವೇಶನ್ ಮೇಲೆ 30 ಬಹು ಆಯ್ಕೆ ಪ್ರಶ್ನೆ, ಕೀ ಉತ್ತರದ ಜೊತೆ ಮಾಡಬೇಕು. ಸರಿ ಉತ್ತರ ಬರೆಯೋದು ಸುಲಭ. ಉಳಿದ ಮೂರು ಆಯ್ಕೆಗಳನ್ನು ಬೇಗ ತುಂಬಿಸೋದು ಹೇಗೆ?

ಉತ್ತರ: ಬೇಗ ತುಂಬಿಸಬೇಡಿ. ಪಾಠ ಶುರು ಮಾಡಿದ ವರ್ಷ ನಾನು ಮಾಡಿದ್ದು ಅದನ್ನೇ.

ಆಗ ನಾನು ಕೊಟ್ಟಿದ್ದ ಲೆಕ್ಕ ಇದು. ಒಬ್ಬರು 1,00,000 ನಗದು ಹಾಕಿ ಅಂಗಡಿ ಶುರು ಮಾಡಿದರು. 30,000ದ ಸರಕು ಸಾಲಕ್ಕೆ ತಂದರು. ಅದರಲ್ಲಿ 20,000 ಅಸಲಿನ ಸರಕನ್ನು 26,000ಕ್ಕೆ ನಗದಿಗೆ ಮಾರಿದರು. ಬಾಡಿಗೆ 2,000 ಕೊಟ್ಟರು. ಮನೆ ಖರ್ಚಿಗೆ 5,000 ತೆಗೆದುಕೊಂಡರು. ಈಗ ಬಂಡವಾಳ ಎಷ್ಟು?

ಸರಿ ಉತ್ತರ 99,000. ಲಾಭ 6,000 ಕೂಡಬೇಕು, ಬಾಡಿಗೆ 2,000 ಮತ್ತು ಡ್ರಾಯಿಂಗ್ಸ್ 5,000 ಕಳೆಯಬೇಕು. ಉಳಿದ ಮೂರು ಜಾಗಕ್ಕೆ ನಾನು 98,500, 1,00,500, 1,03,000 ಅಂತ ಹತ್ತಿರದ ಸಂಖ್ಯೆಗಳನ್ನು ಸುಮ್ನೆ ಬರೆದೆ. ಹತ್ತಿರ ಇದ್ದರೆ ಪ್ರಶ್ನೆ ಕಷ್ಟ ಆಗುತ್ತೆ ಅಂದುಕೊಂಡಿದ್ದೆ. ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಸರಿ ಬರೆದರು. ನಾನು ಖುಷಿಯಿಂದ ಮುಂದಿನ ಪಾಠಕ್ಕೆ ಹೋದೆ.

ಫೈನಲ್ ಅಕೌಂಟ್ಸ್ ಬಂದಾಗ ಅರ್ಧ ತರಗತಿ ಡ್ರಾಯಿಂಗ್ಸನ್ನು ಲಾಭ-ನಷ್ಟ ಖಾತೆಗೆ ಖರ್ಚು ಅಂತ ಹಾಕಿತ್ತು. ಪಿಯುಸಿಯಲ್ಲಿ ವಿಜ್ಞಾನ ಓದಿ ಬಂದಿದ್ದ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಆ ಹಳೆಯ ಪ್ರಶ್ನೆಯನ್ನೇ ಕೇಳಿದೆ. "ಸರ್, ನನಗೆ 1,04,000 ಬಂದಿತ್ತು. ಆಯ್ಕೆಯಲ್ಲಿ ಇರಲಿಲ್ಲ. ಅದಕ್ಕೆ 5,000 ಕಳೆದು ನೋಡಿದೆ, 99,000 ಸಿಕ್ತು." ಯಾಕೆ ಕಳೆದೆ ಅಂದೆ. "ಮ್ಯಾಚ್ ಆಯ್ತಲ್ವಾ ಸರ್" ಅಂದಳು.

ನನ್ನ ತಪ್ಪು ಇಲ್ಲೇ ಇರೋದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡ್ರಾಯಿಂಗ್ಸ್ ಮರೆತವರಿಗೆ 1,04,000 ಬರುತ್ತೆ. ಆ ಸಂಖ್ಯೆ ಆಯ್ಕೆಯಲ್ಲಿ ಇಲ್ಲ ಅಂದರೆ "ನೀನು ತಪ್ಪಿದ್ದೀಯ, ಇನ್ನೊಮ್ಮೆ ನೋಡು" ಅಂತ ಪ್ರಶ್ನೆಪತ್ರಿಕೆಯೇ ಹೇಳಿಕೊಟ್ಟ ಹಾಗೆ. ಮಗು ಅಲ್ಲಿರೋ ಅಂಕಿಗಳನ್ನು ಕೂಡಿ ಕಳೆದು ಹೊಂದಿಸುತ್ತೆ. ಅಂಕ ಬರುತ್ತೆ, ತಪ್ಪು ತಿಳುವಳಿಕೆ ಹಾಗೇ ಉಳಿಯುತ್ತೆ. ನಾನು ಆ ಸೆಮಿಸ್ಟರ್‌ನಲ್ಲಿ ನಾಲ್ಕು ಶನಿವಾರ ಈಕ್ವೇಶನ್ನನ್ನೇ ಮತ್ತೆ ಮಾಡಿದೆ, ಕೊನೆಯ ಪಾಠ ಅರ್ಧಕ್ಕೆ ನಿಂತಿತು.

ಅದಕ್ಕೇ ತಪ್ಪು ಆಯ್ಕೆಯನ್ನು ಊಹಿಸಬಾರದು, ತಪ್ಪು ಮಾಡಿಯೇ ಪಡೆಯಬೇಕು. ಡ್ರಾಯಿಂಗ್ಸ್ ಬಿಟ್ಟರೆ 1,04,000. ಒಟ್ಟು ಆಸ್ತಿಯನ್ನೇ ಬಂಡವಾಳ ಅಂದುಕೊಂಡರೆ 1,29,000. ಅಸಲು ಕಳೆಯದೆ 26,000 ಪೂರ್ತಿ ಲಾಭ ಅಂದುಕೊಂಡರೆ 1,19,000.

ಇಲ್ಲೂ ಒಂದು ಗುಂಡಿ ಇದೆ. ಕೈಯಲ್ಲಿರೋ ನಗದು ಎಷ್ಟು ಲೆಕ್ಕ ಹಾಕಿ: ಅದೂ 1,19,000. ಅಂದರೆ ಆ ಆಯ್ಕೆ ಗುರುತು ಮಾಡಿದವರು ಅಸಲು ಮರೆತರಾ, ನಗದನ್ನೇ ಬಂಡವಾಳ ಅಂದುಕೊಂಡರಾ, ಗೊತ್ತಾಗೋದಿಲ್ಲ. ಮಾರಾಟವನ್ನು ಸಾಲದ ಮಾರಾಟ ಅಂತ ಬದಲಿಸಿದರೆ ಸಾಕು. ನಗದು 93,000 ಆಗುತ್ತೆ, ಗ್ರಾಹಕರಿಂದ ಬರಬೇಕಾದ್ದು 26,000, ಉಳಿದ ಸರಕು 10,000. ಒಟ್ಟು ಆಸ್ತಿ ಅದೇ 1,29,000, ಸಾಲ 30,000, ಬಂಡವಾಳ 99,000. ಈಗ 1,19,000 ಬಂದರೆ ಮೊದಲು ಅಸಲನ್ನೇ ವಿಚಾರಿಸಬಹುದು. ನನ್ನ ಪ್ರಶ್ನೆ ಈಗ ಹೀಗಿದೆ:

1. (ಮೇಲಿನ ಲೆಕ್ಕ, ಮಾರಾಟ ಸಾಲಕ್ಕೆ) ಈಗ ಬಂಡವಾಳ ಎಷ್ಟು?
ಅ) 1,04,000 ಆ) 1,29,000 ಇ) 99,000 ಈ) 1,19,000

ಕೀ: ಇ. ಅ ಬಂದರೆ ಡ್ರಾಯಿಂಗ್ಸ್ ಬಿಟ್ಟಿದ್ದಾರೆ. ಆ ಬಂದರೆ ಸಾಲ ಕಳೆದಿಲ್ಲ. ಈ ಬಂದರೆ ಸರಕಿನ ಅಸಲು ಕಳೆದಿಲ್ಲ.

ಕೀ ಉತ್ತರ ಅಂದರೆ ನನ್ನ ಪಾಲಿಗೆ ಇದು. ಬರೀ ಅಕ್ಷರ ಬರೆದಿಟ್ಟರೆ ಅದು ಅಂಕ ಹಾಕೋಕೆ ಮಾತ್ರ. ಸಂಖ್ಯೆ ಇಲ್ಲದ ಪ್ರಶ್ನೆಗೂ ಇದೇ ದಾರಿ:

2. ಈ ತಿಂಗಳ ಬಾಡಿಗೆ 2,000 ಇನ್ನೂ ಕೊಟ್ಟಿಲ್ಲ. ಈಕ್ವೇಶನ್‌ನಲ್ಲಿ ಏನಾಗುತ್ತೆ?
ಅ) ನಗದು ಇಳಿಯುತ್ತೆ, ಬಂಡವಾಳ ಇಳಿಯುತ್ತೆ ಆ) ಏನೂ ಬದಲಾಗಲ್ಲ ಇ) ಆಸ್ತಿ ಏರುತ್ತೆ, ಹೊಣೆ ಏರುತ್ತೆ ಈ) ಹೊಣೆ ಏರುತ್ತೆ, ಬಂಡವಾಳ ಇಳಿಯುತ್ತೆ

ಕೀ: ಈ. ಅ ಬರೆದವರು ಕೊಟ್ಟಾಯ್ತು ಅಂತ ಓದಿದ್ದಾರೆ. ಆ ಬರೆದವರಿಗೆ ದುಡ್ಡು ಕೈಬಿಟ್ಟರೆ ಮಾತ್ರ ಖರ್ಚು. ಇ ಬರೆದವರು ಸಾಲದ ಖರೀದಿಯ ಜೊತೆ ಕಲಸಿಕೊಂಡಿದ್ದಾರೆ.

"ಮೇಲಿನ ಯಾವುದೂ ಅಲ್ಲ" ಅನ್ನೋದನ್ನು ನಾನು ಹಾಕೋದೇ ಇಲ್ಲ. ಅದನ್ನು ಆರಿಸಿದ ಮಗುವಿನ ತಲೆಯಲ್ಲಿ ಏನಿತ್ತು ಅಂತ ನನಗೆ ತಿಳಿಯೋದಿಲ್ಲ.

ಇನ್ನು 30 ಪ್ರಶ್ನೆ ಬೇಡ. ಇಷ್ಟು ಚಿಕ್ಕ ಪಾಠದಲ್ಲಿ ಮಕ್ಕಳು ಎಡವೋ ಜಾಗಗಳು ಅಷ್ಟಿಲ್ಲ, ಉಳಿದವು ಅಂಕಿ ಬದಲಿಸಿದ ಅದೇ ಪ್ರಶ್ನೆಗಳಾಗುತ್ತವೆ. ಎಂಟು ಮಾಡಿ. ಮೊದಲು ಅದೇ ಲೆಕ್ಕಗಳನ್ನು ಆಯ್ಕೆ ಕೊಡದೆ ಬಿಡಿಸೋಕೆ ಹೇಳಿ, ಹಾಳೆಗಳನ್ನು ಮನೆಗೆ ತಂದು ಯಾವ ತಪ್ಪು ಉತ್ತರ ಜಾಸ್ತಿ ಬಂದಿದೆ ಎಣಿಸಿ. ನಿಮ್ಮ ಮೂರು ಆಯ್ಕೆಗಳು ಆ ಹಾಳೆಗಳಲ್ಲೇ ಇರುತ್ತವೆ.