ಇಸ್ತಾಂಬುಲ್ ಸಂತೆಯಲ್ಲಿ ಚೌಕಾಸಿ: ಮೊದಲು ‘ಕೊಲಾಯ್ ಗೆಲ್ಸಿನ್’ ಅನ್ನು

“ಅಕ್ಕಾ, ಮುಂದಿನ ತಿಂಗಳು ಇಸ್ತಾಂಬುಲ್‌ಗೆ ಬರ್ತಿದ್ದೀನಿ. ಸಂತೆಯಲ್ಲಿ ಚೌಕಾಸಿ ಮಾಡೋಕೆ ಟರ್ಕಿ ಭಾಷೆಯಲ್ಲಿ ಏನು ಹೇಳಬೇಕು? ಒರಟಾಗಿ ಕೇಳಿಸಬಾರದು. ಚಳಿ ಹೇಗಿರುತ್ತೆ, ಬಾಡಿಗೆ ಎಷ್ಟು?”

ಚಳಿಗೆ ಒಳ್ಳೆಯ ಕೋಟು ಇಲ್ಲೇ ತಗೋ, ಊರಿಂದ ಹೊತ್ತು ತರಬೇಡ. ಬಾಡಿಗೆ ಬೇಗ ಬೇಗ ಬದಲಾಗುತ್ತೆ, ಬಂದ ಮೇಲೆ ನೋಡೋಣ. ಸಂತೆಯ ಮಾತು ಮಾತ್ರ ಈಗಲೇ ಹೇಳಿಬಿಡ್ತೀನಿ.

ಅಂಗಡಿಗೆ ಕಾಲಿಟ್ಟ ಕೂಡಲೇ ಬೆಲೆ ಕೇಳಬೇಡ. ಮೊದಲು “ಕೊಲಾಯ್ ಗೆಲ್ಸಿನ್” ಅನ್ನು. ನಿಮ್ಮ ಕೆಲಸ ಹಗುರಾಗಲಿ ಅಂತ ಅರ್ಥ. ಕೆಲಸದಲ್ಲಿರುವ ಯಾರಿಗೆ ಬೇಕಾದರೂ ಇದನ್ನು ಹೇಳಬಹುದು. ಆಮೇಲೆ “ಬು ನೆ ಕದರ್?”, ಇದು ಎಷ್ಟು ಅಂತ. ಬೆಲೆ ಜಾಸ್ತಿ ಅನ್ನಿಸಿದರೆ “ಚೋಕ್ ಪಹಲಿ” (ತುಂಬಾ ದುಬಾರಿ) ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಡ. ಅದು ಅವರ ಮಾಲನ್ನೇ ಹಳಿದ ಹಾಗೆ ಕೇಳಿಸುತ್ತೆ. “ಬ್ಯುತ್ಚೆಮಿ ಅಶಿಯೊರ್” ಅನ್ನು. ನನ್ನ ಕೈಗೆ ಮೀರಿದ್ದು ಅಂತ. ಅಲ್ಲಿ ಕೊರತೆ ನಿನ್ನ ಜೇಬಿನದು, ಅವರ ವಸ್ತುವಿನದಲ್ಲ. ಅದರ ಹಿಂದೆಯೇ “ಬಿರಾಜ಼್ ಇಂದಿರಿಮ್ ಯಪಾರ್ ಮಿಸಿನಿಜ಼್?”, ಸ್ವಲ್ಪ ಕಡಿಮೆ ಮಾಡ್ತೀರಾ? ಕೊನೆಯ ‘ನಿಜ಼್’ ನುಂಗಬೇಡ. ಅದಿದ್ದರೆ ‘ಮಾಡ್ತೀರಾ’, ಬರೀ ‘ಮಿಸಿನ್’ ಅಂದರೆ ‘ಮಾಡ್ತೀಯಾ’. ನಮ್ಮಲ್ಲಿ ಹಿರಿಯರಿಗೆ ‘ನೀನು’ ಅಂದರೆ ಹೇಗಿರುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ಗಂಡಸಿಗೆ ‘ಆಬಿ’ (ಅಣ್ಣ), ಹೆಂಗಸಿಗೆ ‘ಆಬ್ಲಾ’ (ಅಕ್ಕ) ಸೇರಿಸಿದರೆ ಮಾತು ಮೃದುವಾಗುತ್ತೆ.

ತರಕಾರಿಗೆ ಇದೆಲ್ಲ ಬೇಡ. ಕಾದಿಕೊಯ್‌ನ ಮಂಗಳವಾರದ ಸಂತೆಯಲ್ಲಿ ಕಿಲೋ ಬೆಲೆಯ ಚೀಟಿ ಸಿಕ್ಕಿಸಿರುತ್ತಾರೆ. ಒಂದು ಕಿಲೋ ಟೊಮೆಟೊಗೆ ಎಳೆದಾಡಿದರೆ ಚೆನ್ನಾಗಿ ಕಾಣಲ್ಲ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋಗು, ಅವರೇ ಇಳಿಸುತ್ತಾರೆ.

ಈಗ ನನ್ನದೇ ಒಂದು ಕಥೆ. 2013ರಲ್ಲಿ ಬಂದ ಹೊಸದು. ಬೆಯಜ಼ಿತ್ ಹತ್ತಿರದ ತಾಮ್ರದ ಪಾತ್ರೆಗಳ ಬೀದಿಗೆ ಬೆಳಿಗ್ಗೆಯೇ ಹೋಗಿದ್ದೆ. ಒಬ್ಬ ಅಜ್ಜ ಆಗಷ್ಟೇ ಬಾಗಿಲು ತೆಗೆದಿದ್ದರು. ಕಾಫಿ ಕಾಯಿಸುವ ಪುಟ್ಟ ಜೆಜ಼್ವೆ, ಕೈಯಲ್ಲಿ ಬಡಿದು ಮಾಡಿದ್ದು. 60 ಲಿರಾ ಅಂದರು. ಗಾಂಧಿ ಬಜಾರಿನ ರೂಢಿಯಲ್ಲಿ ನಾನು ಸುಮ್ನೆ 40 ಅಂದೆ. ಅವರು ಚಹಾ ತರಿಸಿದರು, 50 ಅಂದರು. ನಾನು 40ಕ್ಕೇ ನಿಂತೆ. ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡುತ್ತಿದ್ದು, “ತಮಾಮ್, ಸಿಫ್ತಾ ಒಲ್ಸುನ್” ಅಂದರು. ಆಯ್ತು, ಸಿಫ್ತಾ ಆಗಲಿ ಅಂತ. ಇಷ್ಟು ಬೇಗ ಒಪ್ಪಿದರಲ್ಲ, ಪಕ್ಕದಂಗಡಿಯಲ್ಲಿ ಇನ್ನೂ ಕಡಿಮೆ ಇರಬಹುದು ಅಂತ ನನಗೆ ಅನ್ನಿಸಿತು. ನೋಡಿಕೊಂಡು ಬರ್ತೀನಿ ಅಂತ ಕೈಸನ್ನೆ ಮಾಡಿ ಎದ್ದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಕಾಗದ ಸುತ್ತಲು ಶುರು ಮಾಡಿದ್ದ ಪಾತ್ರೆಯನ್ನು ಮತ್ತೆ ಬಿಚ್ಚಿ ಗೂಡಿನಲ್ಲಿಟ್ಟರು.

ಸಿಫ್ತಾ ಅಂದರೆ ನಮ್ಮ ಬೋಣಿ ಕಣೇ. ಪಕ್ಕದ ಮನೆಯ ಆಬ್ಲಾ ಹೇಳಿದಾಗ ತಿಳಿಯಿತು. ದಿನದ ಮೊದಲ ದುಡ್ಡನ್ನು ಇಲ್ಲಿಯೂ ಕೆಲವರು ಗಡ್ಡಕ್ಕೆ ಸವರಿಕೊಳ್ಳುತ್ತಾರೆ, ನಮ್ಮವರು ಕಣ್ಣಿಗೊತ್ತಿಕೊಳ್ಳುವ ಹಾಗೆ. ಬೋಣಿ ಹೊತ್ತಲ್ಲಿ ಮಾತು ಕೊಟ್ಟು ಎದ್ದು ಹೋಗಬಾರದು ಅಂತ ಚಿಕ್ಕವಳಿದ್ದಾಗಿಂದ ಕೇಳಿ ಬೆಳೆದವಳು ನಾನು. ಭಾಷೆ ಬೇರೆ ಆಗಿದ್ದಕ್ಕೆ ಅದು ಗುರುತು ಸಿಗಲಿಲ್ಲ. ಇಲ್ಲಿ ಬೆಲೆ ನೀನೇ ಹೇಳಿ, ಅವರು ‘ತಮಾಮ್’ ಅಂದರೆ ವ್ಯಾಪಾರ ಮುಗಿದ ಹಾಗೆ. ಆದ್ದರಿಂದ ಕೊಳ್ಳುವ ಮನಸ್ಸು ಗಟ್ಟಿಯಾಗುವವರೆಗೂ ನಿನ್ನ ಬಾಯಿಂದ ಅಂಕಿ ಬರಬಾರದು. “ಸೊನ್ ಫಿಯಾತ್ ನೆ ಒಲುರ್?”, ಕೊನೆಯ ಬೆಲೆ ಎಷ್ಟಾಗುತ್ತೆ ಅಂತ ಕೇಳು. ಅಂಕಿ ಅವರದಾಗಿರಲಿ. ಬೇಡ ಅನ್ನಿಸಿದರೆ “ಬಿರಾಜ಼್ ದ್ಯುಶ್ಯುನೆಯಿಮ್”, ಸ್ವಲ್ಪ ಯೋಚಿಸ್ತೀನಿ ಅನ್ನು. ಹೊರಡುವಾಗ “ಹಯಿರ್ಲಿ ಇಶ್ಲೆರ್”, ವ್ಯಾಪಾರ ಚೆನ್ನಾಗಾಗಲಿ ಅನ್ನು. ಚಹಾ ಕುಡಿದಿದ್ದರೂ ಪರವಾಗಿಲ್ಲ, ಬೆಲೆ ಹೇಳದೆ ಎದ್ದು ಬರಬಹುದು.

ಅವರು ‘ಚ್’ ಅಂತ ನಾಲಿಗೆ ಸದ್ದು ಮಾಡಿ ಹುಬ್ಬು ಎತ್ತಿದರೆ ಅದು ‘ಇಲ್ಲ’. ಸಿಟ್ಟಲ್ಲ. ನಮ್ಮ ತಲೆ ಆಡಿಸುವ ‘ಹೂಂ’ ಅವರಿಗೆ ಅರ್ಥವಾಗಲ್ಲ, ಬಾಯಲ್ಲೇ ‘ತಮಾಮ್’ ಅನ್ನು.

ವ್ಯಾಪಾರ ಕುದುರಿದ ಮೇಲೆ ದುಡ್ಡು ತೆಗೆದುಕೊಳ್ಳುವಾಗ ಅವರು “ಬೆರೆಕೆತ್ ವೆರ್ಸಿನ್” ಅನ್ನುತ್ತಾರೆ. ದೇವರು ಸಮೃದ್ಧಿ ಕೊಡಲಿ ಅಂತ. ನೀನು “ಬೆರೆಕೆತಿನಿ ಗ್ಯೋರ್ಯುನ್” ಅನ್ನು, ಅದರ ಸಮೃದ್ಧಿ ನೀವು ಕಾಣಿರಿ ಅಂತ. ಹೊರಗಿನವಳ ಬಾಯಲ್ಲಿ ಇದು ಬಂದರೆ ಎಷ್ಟೋ ಜನರ ಮುಖ ಅರಳುವುದನ್ನು ನೋಡಿದ್ದೀನಿ.

ಮರುವರ್ಷ ಆ ಜೆಜ಼್ವೆಯನ್ನು 60ಕ್ಕೇ ಕೊಳ್ಳೋಣ ಅಂತ ಹೋದೆ. ಅಜ್ಜನ ಅಂಗಡಿಯಲ್ಲಿ ಬೇರೆ ಯಾರೋ ಫೋನಿನ ಕವರ್ ಮಾರುತ್ತಿದ್ದರು. ನೀನು ಬಂದಾಗ ಆ ಬೀದಿಗೆ ಇಬ್ಬರೂ ಹೋಗೋಣ. ಬೆಳಿಗ್ಗೆ ಬೇಗ.