ಮರುದಿನ ಬೆಳಿಗ್ಗೆ ಮಂಡಿ ಹೇಳಿದ್ದು

ಮಂಡಿನೋವಿದ್ದರೆ ಎಷ್ಟು ವ್ಯಾಯಾಮ ಮಾಡಬೇಕೆಂದು ತಿಳಿಯದ ತೊಂದರೆ ಹೊತ್ತು ನನ್ನ ಬಳಿ ಬರುವವರು ಒಬ್ಬರಲ್ಲ, ಇಬ್ಬರಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬರಿಗೆ 68 ವರ್ಷ. ಮಂಡಿಗಳಲ್ಲಿ ಸವೆತದ ಸಂಧಿವಾತ ಆರಂಭದ ಹಂತದಲ್ಲಿತ್ತು, ಬಲಗಡೆ ತುಸು ಹೆಚ್ಚು. ವ್ಯಾಯಾಮ ಮಾಡಬಹುದು ಎಂದು ವೈದ್ಯರು ಹೇಳಿದ್ದರು. ಎಷ್ಟು ಎಂದು ಯಾರೂ ಹೇಳಿರಲಿಲ್ಲ. ದಿನಕ್ಕೆ 50 ನಿಮಿಷ ಬಿರುಸಾಗಿ ನಡೆಯುವರು. ನಾಲ್ಕನೆಯ ದಿನಕ್ಕೆ ಮಂಡಿ ಊದಿಕೊಳ್ಳುವುದು. ಆಮೇಲೆ ಒಂದು ವಾರ ಪೂರ್ತಿ ವಿಶ್ರಾಂತಿ. ನೋವು ಇಳಿದ ಕೂಡಲೇ ಮತ್ತೆ ಅದೇ 50 ನಿಮಿಷ. ಹೀಗೆ ಆರು ತಿಂಗಳು ಕಳೆದಿತ್ತು.

ಎರಡನೆಯ ಭೇಟಿಯಲ್ಲಿ, ನಡೆಯುವಾಗ ನೋವು ಎಷ್ಟಿರುತ್ತದೆ ಎಂದು ಕೇಳಿದೆ.

"ನಡೆಯುವಾಗ ಏನೂ ಇರುವುದಿಲ್ಲ. ಅದಕ್ಕೇ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಮರುದಿನ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವಾಗ ಗೊತ್ತಾಗುತ್ತದೆ" ಎಂದರು.

ನಾನು ಬರೆಯುವುದನ್ನು ನಿಲ್ಲಿಸಿ, ಆ ಮಾತನ್ನು ಇನ್ನೊಮ್ಮೆ ಹೇಳಿ ಎಂದೆ. ತಮ್ಮ ಮಂಡಿಯ ಅಳತೆಗೋಲನ್ನು ಅವರೇ ಕಂಡುಕೊಂಡಿದ್ದರು, ಆದರೆ ಬಳಸುತ್ತಿರಲಿಲ್ಲ. ಚಲನೆಯಿಂದ ಬಿಸಿಯಾದ ಕೀಲು ಸರಾಗವಾಗಿ ಆಡುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಅದರ ತಾಳಿಕೆ ತಿಳಿಯುವುದಿಲ್ಲ. ಹೊರೆ ಹೆಚ್ಚಾಗಿದ್ದರೆ ಕೀಲಿನ ಒಳಪದರ ಕೆರಳಿ, ದ್ರವ ಸೇರಿ, ಊತ ಕಾಣಲು ಹಲವು ಗಂಟೆಗಳು ಬೇಕು. ಇಂದಿನ ನಡಿಗೆ ಹೆಚ್ಚಾಯಿತೇ ಎಂಬುದಕ್ಕೆ ಉತ್ತರ ನಾಳೆ ಬೆಳಿಗ್ಗೆ ಸಿಗುತ್ತದೆ.

ಅಲ್ಲಿಂದ ನಮ್ಮ ಲೆಕ್ಕ ಶುರುವಾಯಿತು. ಎಷ್ಟು ನಡೆದರೆ ಮರುದಿನ ಏನೂ ಆಗುವುದಿಲ್ಲ ಎಂದು ಕೇಳಿದೆ. ಯೋಚಿಸಿ, "20 ನಿಮಿಷ" ಎಂದರು. ಸಮತಟ್ಟಾದ ದಾರಿಯಲ್ಲಿ, ಮಾತಾಡುತ್ತಾ ನಡೆಯಬಹುದಾದ ವೇಗದಲ್ಲಿ, ಬೆಳಿಗ್ಗೆ 20 ನಿಮಿಷ ಎಂದು ಗೊತ್ತುಮಾಡಿದೆವು. ದಿನ ಬಿಟ್ಟು ದಿನ ಕುರ್ಚಿಯಿಂದ ಎದ್ದು ಕೂರುವುದು, ಎಂಟೆಂಟರಂತೆ ಎರಡು ಸಲ. ಕುರ್ಚಿಯ ಮೇಲೆ ದಪ್ಪ ದಿಂಬು ಇಡಿಸಿದೆ: ಆಸನ ಎತ್ತರವಾದಷ್ಟೂ ಮಂಡಿ ಕಡಿಮೆ ಮಡಚುತ್ತದೆ, ಹೊರೆಯೂ ಇಳಿಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಬಲಗೊಳ್ಳದೆ ಬರೀ ನಡಿಗೆಯನ್ನು ಹೆಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ. ಹೆಜ್ಜೆಯ ಹೊಡೆತವನ್ನು ಮೊದಲು ತಾಳಿಕೊಳ್ಳಬೇಕಾದುದು ಆ ಸ್ನಾಯು.

ನಿಯಮವೂ ಸರಳವಾಗಿತ್ತು. ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವು ಮೂರು ನಾಲ್ಕು ಇದ್ದರೆ ಮುಂದುವರಿಸಬಹುದು, ಐದು ದಾಟಿದರೆ ಅಂದಿಗೆ ಸಾಕು. 24 ಗಂಟೆಯೊಳಗೆ ಮಂಡಿ ಎಂದಿನ ಸ್ಥಿತಿಗೆ ಮರಳಬೇಕು. ಒಂದು ವಾರ ಹಾಗೇ ಮರಳುತ್ತಿದ್ದರೆ ಐದು ನಿಮಿಷ ಸೇರಿಸಬಹುದು. ಮರಳದಿದ್ದರೆ ಹಿಂದಿನ ವಾರದ ಅಳತೆಗೆ ಇಳಿಯಬೇಕು, ಪೂರ್ತಿ ನಿಲ್ಲಿಸಬಾರದು.

ಮೂರನೆಯ ವಾರ ಉತ್ಸಾಹದಲ್ಲಿ ದಿಂಬು ತೆಗೆದು, ಅದೇ ದಿನ ನಡಿಗೆಯನ್ನೂ 40 ನಿಮಿಷಕ್ಕೆ ಏರಿಸಿದರು. ಮರುದಿನ ಬಂದಾಗ ಮಂಡಿಚಿಪ್ಪಿನ ಒಳಬದಿಯಲ್ಲಿ ಎಡಗಾಲಿನಲ್ಲಿ ಕಾಣುವ ಸಣ್ಣ ಗುಳಿ ಬಲಗಾಲಿನಲ್ಲಿ ತುಂಬಿಹೋಗಿತ್ತು. ಎರಡನ್ನೂ ಒಟ್ಟಿಗೆ ಹೆಚ್ಚಿಸಿದ್ದರಿಂದ ಯಾವುದು ಕೆರಳಿಸಿತು ಎಂದು ಹೇಳುವಂತಿರಲಿಲ್ಲ. ಎರಡು ದಿನ ಮಂಡಿಯನ್ನು ಮೆಲ್ಲಗೆ ಮಡಚಿ ಚಾಚುವುದಷ್ಟೇ, ಬಳಿಕ 10 ನಿಮಿಷದ ನಡಿಗೆ ಎಂದೆ.

ಇದಕ್ಕೆ ಅವರ ಮಗಳು ಬೇಸರಗೊಂಡರು. "ಊದಿದ ಕಾಲಲ್ಲಿ ಅಪ್ಪನನ್ನು ನಡೆಸುತ್ತೀರಾ? ಸವೆದಿರುವುದು ಇನ್ನೂ ಸವೆಯುವುದಿಲ್ಲವೇ?" ಅವರ ಆತಂಕ ನ್ಯಾಯವೇ. ಆದರೂ ನನ್ನ ಸಲಹೆಗೆ ಇಂದಿಗೂ ಬದ್ಧಳಾಗಿದ್ದೇನೆ. ಮಂಡಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒತ್ತಿ ಬಿಡುವ ಚಲನೆಯಿಂದಲೇ ಕೀಲಿನ ದ್ರವ ಅದಕ್ಕೆ ಪೋಷಣೆ ಒಯ್ಯುತ್ತದೆ. ವಾರಗಟ್ಟಲೆ ಕುಳಿತರೆ ತೊಡೆ ಸೊರಗುತ್ತದೆ, ಆಗ ಹಳೆಯ 50 ನಿಮಿಷ ಮೊದಲಿಗಿಂತ ದೊಡ್ಡ ಹೊರೆಯಾಗುತ್ತದೆ. ಆರು ತಿಂಗಳು ಅವರನ್ನು ಕೆಡಿಸಿದ್ದು ಆ ಏರಿಳಿತ. ಮಂಡಿ ಬಿಸಿಯಾಗಿ ಕೆಂಪಾದರೆ, ಜ್ವರ ಬಂದರೆ, ಕೀಲು ಸಿಕ್ಕಿಕೊಂಡು ಚಾಚಲಾಗದಿದ್ದರೆ, ಕಾಲು ಕುಸಿದರೆ ಅಥವಾ ಮೀನಖಂಡ ಊದಿದರೆ ಈ ಲೆಕ್ಕ ಅನ್ವಯಿಸದು, ತಕ್ಷಣ ವೈದ್ಯರ ಬಳಿ ಹೋಗಬೇಕು ಎಂದೂ ಮಗಳಿಗೆ ಬರೆದುಕೊಟ್ಟೆ.

ಐದನೆಯ ದಿನ ಗುಳಿ ಮತ್ತೆ ಕಾಣಿಸಿತು. ಮೂರು ತಿಂಗಳ ಬಳಿಕ ಅವರು 35 ನಿಮಿಷ ನಡೆಯುತ್ತಿದ್ದರು, ದಿಂಬಿಲ್ಲದ ಕುರ್ಚಿಯಿಂದ ಏಳುತ್ತಿದ್ದರು. 50 ಯಾವಾಗ ಎಂದು ಕೇಳಿದರು. ಈ ವಾರ ಬೆಳಿಗ್ಗೆ ಬರೆದಿಟ್ಟ ನೋವಿನ ಅಂಕಗಳನ್ನು ಓದಿ ಎಂದೆ. ಕನ್ನಡಕ ಏರಿಸಿ ಓದಿದರು: ಒಂದು, ಒಂದು, ಎರಡು, ಒಂದು, ಮೂರು. "ಮೂರು ಬಂದ ಹಿಂದಿನ ದಿನ ಇಳಿಜಾರಿನಲ್ಲಿ ಹೋಗಿದ್ದೆ" ಎಂದು ತಾವೇ ಹೇಳಿ, ಮುಂದಿನ ವಾರಕ್ಕೂ 35 ಎಂದೇ ಬರೆದುಕೊಂಡರು.